ಅಕ್ಷರದಿಂದ ಅಂಕಕ್ಕೆ

ಕಾಪುವಿಗೆ ಸಮೀಪದ ಶಂಕರಪುರವು ಮಲ್ಲಿಗೆಗೆ ಹೆಸರಾದ ಊರು. ಅಲ್ಲಿ ಹೂವು ಅಟ್ಟೆಯ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಅಟ್ಟೆಗೆ ಇಂದು ಇದ್ದ ಬೆಲೆ ನಾಳೆ ಇರುವುದೆಂಬ ಭರವಸೆಯಿಲ್ಲ. ಮದುವೆಯ ದಿನಗಳಲ್ಲಿ ಬೆಲೆ ಏರುತ್ತದೆ. ಹೂವು ಹೇರಳವಾಗಿ ಅರಳಿದಾಗ ಇಳಿಯುತ್ತದೆ. ಒಬ್ಬ ಬೆಳೆಗಾರ್ತಿ ಸೋಮವಾರ 6 ಅಟ್ಟೆ ಹೂವನ್ನು 300 ರೂಪಾಯಿಯಂತೆಯೂ ಮಂಗಳವಾರ 2 ಅಟ್ಟೆ ಹೂವನ್ನು 700 ರೂಪಾಯಿಯಂತೆಯೂ ಕೊಟ್ಟಳೆಂದು ಇಟ್ಟುಕೊಳ್ಳೋಣ. ಆಕೆಗೆ ಅಟ್ಟೆಯೊಂದಕ್ಕೆ ಸರಾಸರಿ ಎಷ್ಟು ದೊರೆಯಿತು? 300 ಮತ್ತು 700ನ್ನು ಕೂಡಿಸಿ ಎರಡರಿಂದ ಭಾಗಿಸಿದರೆ 500 ಬರುತ್ತದೆ. ಆದರೆ ಆಕೆಯ ಕೈಗೆ ಬಂದ ಹಣ ಸೋಮವಾರ 1800, ಮಂಗಳವಾರ 1400, ಒಟ್ಟು 3200 ರೂಪಾಯಿ. ಕೊಟ್ಟ ಹೂವು 8 ಅಟ್ಟೆ. 3200ನ್ನು 8ರಿಂದ ಭಾಗಿಸಿದರೆ ದೊರೆಯುವುದು 400. ನಿಜವಾದ ಸರಾಸರಿ 400 ರೂಪಾಯಿಯೇ ಹೊರತು 500 ಅಲ್ಲ. ಹೆಚ್ಚು ಹೂವು ಕಡಿಮೆ ಬೆಲೆಗೆ ಹೋಯಿತು. ಆದುದರಿಂದ ಆ ಕಡಿಮೆ ಬೆಲೆಯೇ ಸರಾಸರಿಯನ್ನು ತನ್ನ ಕಡೆಗೆ ಎಳೆದುಕೊಂಡಿತು.

ಹೀಗೆ ಪ್ರತಿಯೊಂದು ಸಂಖ್ಯೆಗೂ ಅದರ ತೂಕವನ್ನು ಕೊಟ್ಟು ತೆಗೆದ ಸರಾಸರಿಯನ್ನು ತೂಕದ ಸರಾಸರಿ ಎನ್ನುತ್ತಾರೆ. ಇಲ್ಲಿ ಬೆಲೆಗೆ ಅಟ್ಟೆಯು ತೂಕವಾಯಿತು. ಕಾಲೇಜುಗಳಲ್ಲಿ ಈಗ ವಿದ್ಯಾರ್ಥಿಗಳ ಫಲಿತಾಂಶವನ್ನು ನಿರ್ಧರಿಸುವುದೂ ಇದೇ ಲೆಕ್ಕದಿಂದ. ಅಲ್ಲಿ ಬೆಲೆಯ ಸ್ಥಾನದಲ್ಲಿ ಶ್ರೇಣಿಯಂಕವಿದೆ, ಅಟ್ಟೆಯ ಸ್ಥಾನದಲ್ಲಿ ಕ್ರೆಡಿಟ್ ಇದೆ. ನೀವು ಇನ್ನು ಮೂರು ನಾಲ್ಕು ವರ್ಷಗಳಲ್ಲಿ ಈ ಮಾತುಗಳನ್ನು ದಿನವೂ ಕೇಳುವಿರಿ. ಅವುಗಳ ಅರ್ಥವೇನು, ಆ ಲೆಕ್ಕವನ್ನು ಕಂಪ್ಯೂಟರಿನ ಸ್ಪ್ರೆಡ್‌ಶೀಟಿನಲ್ಲಿ ಮಾಡುವುದು ಹೇಗೆ, ಅದು ಎಲ್ಲಿ ತಪ್ಪುತ್ತದೆ ಎಂಬುದನ್ನು ಈಗ ನೋಡೋಣ.

ಭಾರತದ ಹೆಚ್ಚಿನ ವಿಶ್ವವಿದ್ಯಾಲಯಗಳು ಇಂದು ಪ್ರತಿಯೊಂದು ವಿಷಯಕ್ಕೂ ಇಷ್ಟು ಕ್ರೆಡಿಟ್ ಎಂದು ಗೊತ್ತುಮಾಡಿರುತ್ತವೆ. ವಾರಕ್ಕೆ ಒಂದು ಗಂಟೆಯ ಪಾಠಕ್ಕೆ, ಅಥವಾ ಎರಡು ಗಂಟೆಯ ಪ್ರಯೋಗಶಾಲೆಯ ಕೆಲಸಕ್ಕೆ, ಒಂದು ಕ್ರೆಡಿಟ್ ಎಂಬುದು ಸಾಮಾನ್ಯವಾದ ಲೆಕ್ಕ. ಆದುದರಿಂದ ಕ್ರೆಡಿಟ್ ಎಂದರೆ ಆ ವಿಷಯದ ಮೇಲೆ ವಿದ್ಯಾರ್ಥಿಯು ಹೊರುವ ಹೊರೆಯ ಅಳತೆ ಎನ್ನಬಹುದು. ಪರೀಕ್ಷೆಯಾದ ಮೇಲೆ ವಿದ್ಯಾರ್ಥಿಗೆ ನೂರಕ್ಕೆ ಇಷ್ಟು ಎಂಬ ಅಂಕದ ಬದಲು ಒಂದು ಅಕ್ಷರವನ್ನು ಕೊಡುತ್ತಾರೆ. ಇದು ಅವನ ಶ್ರೇಣಿ. ಅಕ್ಷರವನ್ನು ಕೂಡಿಸಲು ಬರುವುದಿಲ್ಲ, ಗುಣಿಸಲು ಬರುವುದಿಲ್ಲ. ಆದುದರಿಂದ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆಯನ್ನು ನಿಗದಿಮಾಡಿದ್ದಾರೆ. ಆ ಸಂಖ್ಯೆಯೇ ಶ್ರೇಣಿಯಂಕ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಸೂಚಿಸಿದ ಹತ್ತು ಅಂಕಗಳ ಪದ್ಧತಿಯಲ್ಲಿ ಆ ಪಟ್ಟಿ ಹೀಗಿದೆ:

| ಶ್ರೇಣಿ | ಶ್ರೇಣಿಯಂಕ |
|---|---|
| O | 10 |
| A+ | 9 |
| A | 8 |
| B+ | 7 |
| B | 6 |
| C | 5 |
| P | 4 |
| F | 0 |

ಇದರಲ್ಲಿ P ಎಂಬುದು ಬರಿಯ ತೇರ್ಗಡೆ. F ಎಂದರೆ ಅನುತ್ತೀರ್ಣ. P ಮತ್ತು F ಇವುಗಳ ನಡುವೆ ಒಂದೇ ಮೆಟ್ಟಿಲಿದ್ದಂತೆ ಕಂಡರೂ ಅಂಕಗಳಲ್ಲಿ ನಾಲ್ಕರ ಅಂತರವಿದೆ ಎಂಬುದನ್ನು ಗಮನಿಸಿರಿ. ಆಯೋಗದ ಪಟ್ಟಿಯಲ್ಲಿ ಇನ್ನೂ ಒಂದು ಸಾಲು ಉಂಟು. ಅದರ ವಿಚಾರ ಮುಂದೆ ಬರುತ್ತದೆ.

ಸೆಮಿಸ್ಟರಿನ ಶ್ರೇಣಿಯಂಕ ಸರಾಸರಿಯನ್ನು ಎಸ್‌ಜಿಪಿಎ ಎಂದು ಕರೆಯುವುದು ರೂಢಿ. ಅದನ್ನು ಕಂಡುಹಿಡಿಯುವ ಕ್ರಮ ಮಲ್ಲಿಗೆಯ ಲೆಕ್ಕದಂತೆಯೇ ಇದೆ. ಪ್ರತಿ ವಿಷಯದ ಕ್ರೆಡಿಟನ್ನು ಅದರ ಶ್ರೇಣಿಯಂಕದಿಂದ ಗುಣಿಸಬೇಕು. ಬಂದ ಗುಣಲಬ್ಧಗಳನ್ನೆಲ್ಲ ಕೂಡಿಸಬೇಕು. ಆ ಮೊತ್ತವನ್ನು ಒಟ್ಟು ಕ್ರೆಡಿಟ್‌ಗಳಿಂದ ಭಾಗಿಸಬೇಕು.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಕಾಪು ತಾಲ್ಲೂಕಿನ ಬಂಟಕಲ್ಲಿನಲ್ಲಿ 2010ರಲ್ಲಿ ಆರಂಭವಾದ ಎಂಜಿನಿಯರಿಂಗ್ ಕಾಲೇಜೊಂದಿದೆ. ಅದು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜು. ಆ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಲ್ಲಿ ಮೊದಲ ಸೆಮಿಸ್ಟರಿಗೆ ಒಟ್ಟು 20 ಕ್ರೆಡಿಟ್‌ಗಳು. ಎರಡು ವಿಷಯಗಳಿಗೆ ನಾಲ್ಕು ನಾಲ್ಕು, ಮೂರು ವಿಷಯಗಳಿಗೆ ಮೂರು ಮೂರು, ಉಳಿದ ಮೂರು ವಿಷಯಗಳಿಗೆ ಒಂದೊಂದು. ಕಾಪುವಿನಿಂದ ದಿನವೂ ಬಸ್ಸಿನಲ್ಲಿ ಹೋಗಿಬರುವ ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳಿರಿ. ಆಕೆಗೆ ಬಂದ ಶ್ರೇಣಿಗಳು ಹೀಗಿವೆ ಎನ್ನೋಣ:

| ವಿಷಯ | ಶ್ರೇಣಿ | ಕ್ರೆಡಿಟ್ | ಶ್ರೇಣಿಯಂಕ | ಗುಣಲಬ್ಧ |
|---|---|---|---|---|
| ಗಣಿತ | B | 4 | 6 | 24 |
| ಭೌತಶಾಸ್ತ್ರ | B+ | 4 | 7 | 28 |
| ಮೆಕಾನಿಕ್ಸ್ | C | 3 | 5 | 15 |
| ಎಲೆಕ್ಟ್ರಾನಿಕ್ಸ್ | A | 3 | 8 | 24 |
| ಪ್ರೋಗ್ರಾಮಿಂಗ್ | A+ | 3 | 9 | 27 |
| ಇಂಗ್ಲಿಷ್ | O | 1 | 10 | 10 |
| ಕನ್ನಡ | O | 1 | 10 | 10 |
| ಆರೋಗ್ಯ | A+ | 1 | 9 | 9 |

ಗುಣಲಬ್ಧಗಳ ಮೊತ್ತ 147. ಒಟ್ಟು ಕ್ರೆಡಿಟ್ 20. 147ನ್ನು 20ರಿಂದ ಭಾಗಿಸಿದರೆ ಆಕೆಯ ಎಸ್‌ಜಿಪಿಎ 7.35 ಎಂದು ತಿಳಿಯುತ್ತದೆ. ಕ್ರೆಡಿಟನ್ನು ಮರೆತು ಎಂಟು ಶ್ರೇಣಿಯಂಕಗಳನ್ನು ಕೂಡಿಸಿ ಎಂಟರಿಂದ ಭಾಗಿಸಿದ್ದರೆ 64ನ್ನು 8ರಿಂದ ಭಾಗಿಸಿದಂತಾಗಿ ಸರಿಯಾಗಿ 8 ಬರುತ್ತಿತ್ತು. ಈ ಅಂತರ ಸಣ್ಣದಲ್ಲ. ಉದ್ಯೋಗದ ಸಂದರ್ಶನಕ್ಕೋ ವಿದ್ಯಾರ್ಥಿವೇತನಕ್ಕೋ 7.50ಕ್ಕೆ ಕಡಿಮೆಯಿಲ್ಲದ ಸರಾಸರಿ ಬೇಕೆಂಬ ನಿಬಂಧನೆ ಇದ್ದರೆ, 8 ಎಂದು ನಂಬಿದ ಹುಡುಗಿ ನೆಮ್ಮದಿಯಿಂದ ಅರ್ಜಿ ಬರೆಯುತ್ತಾಳೆ. ಅರ್ಜಿ ಮಾತ್ರ ತಿರಸ್ಕೃತವಾಗುತ್ತದೆ. ಆಕೆ ಹತ್ತು ಅಂಕ ಪಡೆದುದು ಒಂದು ಕ್ರೆಡಿಟಿನ ವಿಷಯಗಳಲ್ಲಿ. ಹಿಂದೆ ಬಿದ್ದುದು ಗಣಿತ, ಭೌತಶಾಸ್ತ್ರ, ಮೆಕಾನಿಕ್ಸ್‌ಗಳಲ್ಲಿ. ಇವು ಮೂರಕ್ಕೇ 11 ಕ್ರೆಡಿಟ್, ಅಂದರೆ ಅರ್ಧಕ್ಕಿಂತ ಹೆಚ್ಚು.

ಒಬ್ಬಳ ಲೆಕ್ಕವನ್ನು ಕಾಗದದ ಮೇಲೆ ಮಾಡುವುದು ಕಷ್ಟವಲ್ಲ. ಆದರೆ ತರಗತಿಯಲ್ಲಿ ಅರವತ್ತು ಮಂದಿ ಇರುತ್ತಾರೆ, ಸೆಮಿಸ್ಟರುಗಳು ಎಂಟು ಇರುತ್ತವೆ. ಇಂತಹ ಕೆಲಸಕ್ಕಾಗಿಯೇ ಸ್ಪ್ರೆಡ್‌ಶೀಟ್ ಇದೆ. ಅಮೆರಿಕದ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಎಂಬವರು 1979ರಲ್ಲಿ ವಿಸಿಕ್ಯಾಲ್ಕ್ ಎಂಬ ಹೆಸರಿನಲ್ಲಿ ಇದನ್ನು ಸಣ್ಣ ಕಂಪ್ಯೂಟರುಗಳಿಗೆ ತಂದರು. ಈಗ ಬಳಕೆಯಲ್ಲಿರುವ ಎಕ್ಸೆಲ್, ಲಿಬ್ರೆಆಫೀಸ್ ಕ್ಯಾಲ್ಕ್ ಮುಂತಾದವೆಲ್ಲ ಅದೇ ವಂಶದವು. ಅದರ ಹಾಳೆಯಲ್ಲಿ ಕಂಬಸಾಲುಗಳಿಗೆ ಅಕ್ಷರಗಳ ಹೆಸರು, ಅಡ್ಡಸಾಲುಗಳಿಗೆ ಸಂಖ್ಯೆಗಳ ಹೆಸರು. B ಕಂಬಸಾಲೂ 2ನೆಯ ಅಡ್ಡಸಾಲೂ ಕೂಡುವ ಮನೆಗೆ B2 ಎಂದು ಹೆಸರು.

ಹಾಳೆಯ ಮೊದಲ ಸಾಲನ್ನು ಶೀರ್ಷಿಕೆಗಳಿಗೆ ಬಿಡೋಣ. A ಕಂಬಸಾಲಿನಲ್ಲಿ ವಿಷಯಗಳ ಹೆಸರು, B ಯಲ್ಲಿ ಶ್ರೇಣಿ, C ಯಲ್ಲಿ ಕ್ರೆಡಿಟ್. ಎಂಟು ವಿಷಯಗಳು 2ರಿಂದ 9ರ ವರೆಗಿನ ಸಾಲುಗಳನ್ನು ತುಂಬುತ್ತವೆ. ಸ್ವಲ್ಪ ದೂರದಲ್ಲಿ, F ಕಂಬಸಾಲಿನ 2ರಿಂದ 9ರ ವರೆಗೆ O ದಿಂದ F ವರೆಗಿನ ಶ್ರೇಣಿಗಳನ್ನೂ ಅವುಗಳ ಪಕ್ಕದ G ಯಲ್ಲಿ 10ರಿಂದ 0ಯ ವರೆಗಿನ ಶ್ರೇಣಿಯಂಕಗಳನ್ನೂ ಮೇಲೆ ಕೊಟ್ಟ ಕ್ರಮದಲ್ಲಿಯೇ ಬರೆಯೋಣ. ಇದು ನಮ್ಮ ಹುಡುಕುಪಟ್ಟಿ. ಈಗ D2 ಮನೆಯಲ್ಲಿ ಗಣಿತದ ಶ್ರೇಣಿಯಂಕ ಬರಬೇಕು. ಅದಕ್ಕೆ ಬರೆಯಬೇಕಾದ ಸೂತ್ರವಿದು:

```
=VLOOKUP(B2,$F$2:$G$9,2,FALSE)
```

ಈ ಸೂತ್ರವನ್ನು ಒಂದು ಆಜ್ಞೆಯಂತೆ ಓದಬೇಕು. B2 ದಲ್ಲಿರುವ ಅಕ್ಷರವನ್ನು ತೆಗೆದುಕೊ. F2 ದಿಂದ G9ರ ವರೆಗಿನ ಪಟ್ಟಿಯ ಮೊದಲ ಕಂಬಸಾಲಿನಲ್ಲಿ ಅದನ್ನು ಹುಡುಕು. ಸಿಕ್ಕಿದ ಸಾಲಿನಲ್ಲಿ ಎರಡನೆಯ ಕಂಬಸಾಲಿನಲ್ಲಿರುವುದನ್ನು ತಂದುಕೊಡು. ನಾವು ರೈಲಿನ ವೇಳಾಪಟ್ಟಿಯಲ್ಲಿ ಊರಿನ ಹೆಸರಿನ ಮೇಲೆ ಬೆರಳಿಟ್ಟು, ಪಕ್ಕದಲ್ಲಿರುವ ಗಂಟೆಯನ್ನು ಓದುವ ಹಾಗೆಯೇ ಇದು. B2 ದಲ್ಲಿ B ಇದೆ. ಆದುದರಿಂದ D2 ದಲ್ಲಿ 6 ಕಾಣಿಸಿಕೊಳ್ಳುತ್ತದೆ. ಈ ಸೂತ್ರವನ್ನು D9ರ ವರೆಗೆ ಕೆಳಗೆಳೆದರೆ ಎಂಟು ಶ್ರೇಣಿಯಂಕಗಳೂ ತಾವಾಗಿ ತುಂಬಿಕೊಳ್ಳುತ್ತವೆ.

ಸೂತ್ರದ ಎರಡು ಭಾಗಗಳ ವಿಚಾರದಲ್ಲಿ ಹೊಸಬರು ಎಡವುತ್ತಾರೆ. ಮೊದಲನೆಯದು ಡಾಲರಿನ ಚಿಹ್ನೆ. ಇದಕ್ಕೂ ಹಣಕ್ಕೂ ಸಂಬಂಧವಿಲ್ಲ. ಈ ವಿಳಾಸವನ್ನು ಅಲ್ಲಾಡಿಸಬೇಡ ಎಂಬ ಮೊಳೆ ಅದು. ಸೂತ್ರವನ್ನು ಕೆಳಗೆ ನಕಲು ಮಾಡಿದಾಗ ಕಂಪ್ಯೂಟರು ಪ್ರತಿಯೊಂದು ವಿಳಾಸವನ್ನೂ ಒಂದೊಂದು ಸಾಲು ಕೆಳಗಿಳಿಸುತ್ತದೆ. B2 ಇಳಿದು B3 ಆಗುವುದು ನಮಗೆ ಬೇಕಾದುದೇ. ಆದರೆ ಹುಡುಕುಪಟ್ಟಿಯೂ ಇಳಿದರೆ ಏನಾಗುವುದು? ಚಿಹ್ನೆ ಹಾಕದೆ ನಮ್ಮ ಹಾಳೆಯಲ್ಲಿ ನಕಲು ಮಾಡಿ ನೋಡಿದರೆ ಗಣಿತ, ಭೌತಶಾಸ್ತ್ರ, ಮೆಕಾನಿಕ್ಸ್ ಈ ಮೂರರಲ್ಲಿ ಉತ್ತರ ಸರಿಯಾಗಿಯೇ ಬರುತ್ತದೆ. ಎಲೆಕ್ಟ್ರಾನಿಕ್ಸ್‌ನಿಂದ ಕೆಳಗಿನ ಐದೂ ಮನೆಗಳಲ್ಲಿ `#N/A` ಎಂದು ಬರುತ್ತದೆ. ಕಾರಣವಿಷ್ಟೆ: D5ಕ್ಕೆ ಬರುವ ಹೊತ್ತಿಗೆ ಪಟ್ಟಿಯು F5 ದಿಂದ ಆರಂಭವಾಗುತ್ತದೆ, A ಇರುವುದಾದರೋ F4 ದಲ್ಲಿ. ಅಕ್ಷರವು ಪಟ್ಟಿಯ ಹೊರಗೆ ಉಳಿದುಹೋಯಿತು. ಮೇಲಿನ ಕೆಲವು ಸಾಲು ಸರಿ, ಕೆಳಗಿನವು ಮಾತ್ರ ತಪ್ಪು ಎಂದು ಕಂಡಾಗ ಮೊದಲು ಸಂಶಯಪಡಬೇಕಾದುದು ಈ ಚಿಹ್ನೆಯನ್ನೇ.

ಎರಡನೆಯದು ಕೊನೆಯಲ್ಲಿರುವ FALSE. ಇದನ್ನು ಬಿಟ್ಟರೂ ಸೂತ್ರ ನಡೆಯುತ್ತದೆ, ಆದರೆ ಬೇರೆ ರೀತಿಯಲ್ಲಿ ನಡೆಯುತ್ತದೆ. ನಿಘಂಟಿನಲ್ಲಿ ಶಬ್ದವನ್ನು ಹುಡುಕುವಾಗ ನೀವು ಮೊದಲ ಪುಟದಿಂದ ಓದುತ್ತ ಹೋಗುವುದಿಲ್ಲ. ನಡುವೆ ತೆರೆಯುತ್ತೀರಿ, ಬೇಕಾದ ಶಬ್ದ ಮುಂದಿದೆಯೋ ಹಿಂದಿದೆಯೋ ನೋಡುತ್ತೀರಿ, ಒಂದು ಅರ್ಧವನ್ನು ಬಿಟ್ಟು ಇನ್ನೊಂದು ಅರ್ಧದ ನಡುವೆ ಮತ್ತೆ ತೆರೆಯುತ್ತೀರಿ. FALSE ಇಲ್ಲದಿದ್ದರೆ ಕಂಪ್ಯೂಟರು ಪಟ್ಟಿಯು ಅಕ್ಷರಾನುಕ್ರಮದಲ್ಲಿದೆ ಎಂದು ನಂಬಿ ಹೀಗೆಯೇ ಹುಡುಕುತ್ತದೆ. ಬೇಕಾದುದು ಸಿಗದಿದ್ದರೆ ಅದಕ್ಕಿಂತ ಹಿಂದಿನದನ್ನು ಕೊಟ್ಟುಬಿಡುತ್ತದೆ. ನಮ್ಮ ಪಟ್ಟಿ ಅಕ್ಷರಾನುಕ್ರಮದಲ್ಲಿ ಇಲ್ಲ. O ಎಂಬುದು ಎಲ್ಲಕ್ಕಿಂತ ಮೇಲಿದೆ. ಕಂಪ್ಯೂಟರು ನಡುವಿನ B+ ಅನ್ನು ನೋಡುತ್ತದೆ. O ಎಂಬುದು B ಯ ನಂತರದ ಅಕ್ಷರವಾದ್ದರಿಂದ ಮೇಲಿನ ಅರ್ಧವನ್ನು ಬಿಟ್ಟು ಕೆಳಗೆ ಹೋಗುತ್ತದೆ. ಅಲ್ಲಿ C ಯನ್ನು ನೋಡಿ ಇನ್ನೂ ಕೆಳಗಿಳಿಯುತ್ತದೆ. P ಸಿಕ್ಕಿದಾಗ, ಅದು O ನಂತರದ್ದೆಂದು ನಿಂತು, ಹಿಂದಿನ C ಯ ಅಂಕವಾದ 5ನ್ನು ತಂದುಕೊಡುತ್ತದೆ. ಎಲ್ಲರಿಗಿಂತ ಮೇಲಿನ ಶ್ರೇಣಿ ಪಡೆದವಳಿಗೆ ಹತ್ತರ ಬದಲು ಐದು! ಹಾಳೆಯಲ್ಲಿ ಯಾವ ದೋಷಚಿಹ್ನೆಯೂ ಕಾಣುವುದಿಲ್ಲ. `#N/A` ಎಂಬುದು ಕೂಗಿ ಹೇಳುವ ತಪ್ಪು. ಇದು ಮಾತಾಡದೆ ಕುಳಿತ ತಪ್ಪು. ನನ್ನ ಮಟ್ಟಿಗೆ ಹೇಳುವುದಾದರೆ ಕೂಗುವ ತಪ್ಪಿಗೆ ಹೆದರಬೇಕಾದುದಿಲ್ಲ.

ಇನ್ನು ಗುಣಿಸಿ ಕೂಡಿಸುವ ಕೆಲಸ. ಕಾಗದದ ಮೇಲೆ ನಾವು ಗುಣಲಬ್ಧಗಳಿಗೆಂದು ಒಂದು ಕಂಬಸಾಲನ್ನೇ ಹಾಕಿಕೊಂಡೆವು. ಹಾಳೆಯಲ್ಲಿ ಅದರ ಅಗತ್ಯವಿಲ್ಲ. SUMPRODUCT ಎಂಬ ಸೂತ್ರವು ಎರಡು ಸಾಲುಗಳನ್ನು ಜೊತೆಜೊತೆಯಾಗಿ ಹಿಡಿದು, ಮೊದಲನೆಯದನ್ನು ಮೊದಲನೆಯದರಿಂದ, ಎರಡನೆಯದನ್ನು ಎರಡನೆಯದರಿಂದ ಗುಣಿಸುತ್ತ ಹೋಗಿ, ಕೊನೆಗೆ ಎಲ್ಲವನ್ನೂ ಕೂಡಿಸಿ ಒಂದೇ ಸಂಖ್ಯೆಯನ್ನು ಕೊಡುತ್ತದೆ. ಹೆಸರಿನಲ್ಲಿಯೇ ಅದರ ಕೆಲಸವಿದೆ: ಗುಣಲಬ್ಧಗಳ ಮೊತ್ತ. ಹಾಳೆಯ ಯಾವುದಾದರೂ ಖಾಲಿ ಮನೆಯಲ್ಲಿ ಹೀಗೆ ಬರೆಯಬೇಕು:

```
=SUMPRODUCT(C2:C9,D2:D9)/SUM(C2:C9)
```

ಗೀಟಿನ ಎಡಭಾಗ 147ನ್ನು ಕೊಡುತ್ತದೆ, ಬಲಭಾಗ 20ನ್ನು. ಮನೆಯಲ್ಲಿ 7.35 ಕಾಣುತ್ತದೆ. ಎರಡು ಸಾಲುಗಳೂ ಒಂದೇ ಉದ್ದದವಾಗಿರಬೇಕು. C2:C9 ಎಂದು ಬರೆದು ಅದರ ಜೊತೆಗೆ D2:D8 ಎಂದು ಬರೆದರೆ ಕೊನೆಯ ಕ್ರೆಡಿಟಿಗೆ ಜೊತೆ ಇಲ್ಲದಂತಾಗಿ `#VALUE!` ಎಂದು ಬರುತ್ತದೆ. ಇದೂ ಕೂಗುವ ತಪ್ಪೇ ಆದುದರಿಂದ ತಿದ್ದುವುದು ಸುಲಭ.

ಮೌನವಾದ ತಪ್ಪು ಇಲ್ಲಿಯೂ ಒಂದಿದೆ, ಮತ್ತು ಅದು ಬಹಳ ಮೋಸದ್ದು. ಬೇರೆಡೆಯಿಂದ ನಕಲು ಮಾಡಿ ತಂದು ಅಂಟಿಸಿದ ಸಂಖ್ಯೆಗಳು ಕೆಲವೊಮ್ಮೆ ಸಂಖ್ಯೆಯಾಗಿ ಉಳಿಯದೆ ಅಕ್ಷರದ ರೂಪದಲ್ಲಿ ಹಾಳೆಗೆ ಬರುತ್ತವೆ. ಕಣ್ಣಿಗೆ 4 ಎಂದೇ ಕಾಣುತ್ತದೆ. ಕಂಪ್ಯೂಟರಿಗೆ ಅದು ನಾಲ್ಕಲ್ಲ, ನಾಲ್ಕರ ಚಿತ್ರ. ಹೀಗಿರುವ ಮನೆಯನ್ನು SUMPRODUCT ಸೊನ್ನೆ ಎಂದೇ ತಿಳಿಯುತ್ತದೆ, SUM ಎಣಿಕೆಗೇ ತೆಗೆದುಕೊಳ್ಳುವುದಿಲ್ಲ. ನಮ್ಮ ವಿದ್ಯಾರ್ಥಿನಿಯ ಗಣಿತದ ಕ್ರೆಡಿಟ್ ಹೀಗೆ ಅಕ್ಷರವಾಗಿ ಬಿಟ್ಟಿತೆನ್ನೋಣ. ಮೇಲಿನ 147ರಿಂದ 24 ಹೋಗಿ 123 ಉಳಿಯಿತು. ಕೆಳಗಿನ 20ರಿಂದ 4 ಹೋಗಿ 16 ಉಳಿಯಿತು. ಭಾಗಿಸಿದರೆ ಸುಮಾರು 7.69. ಆಕೆಯ ಕಡಿಮೆ ಅಂಕದ ವಿಷಯವೇ ಲೆಕ್ಕದಿಂದ ಹೊರಗೆ ಹೋದುದರಿಂದ ಸರಾಸರಿ ಏರಿತು. 7.69 ಎಂಬುದು ನಂಬಲರ್ಹವಾದ ಸಂಖ್ಯೆ, 7.50ರ ಗೆರೆಯನ್ನು ದಾಟಿದ ಸಂಖ್ಯೆ, ಯಾರೂ ಮತ್ತೆ ಪರೀಕ್ಷಿಸಲು ಬಯಸದ ಸಂಖ್ಯೆ. ಇದನ್ನು ಕಂಡುಹಿಡಿಯುವ ದಾರಿ ಸರಳವಾಗಿದೆ. ಭಾಗಿಸುವ ಮೊದಲು ಒಂದು ಮನೆಯಲ್ಲಿ `=SUM(C2:C9)` ಎಂದಷ್ಟೇ ಬರೆದು ನೋಡಬೇಕು. ಸೆಮಿಸ್ಟರಿನ ಕ್ರೆಡಿಟ್ 20 ಎಂದು ಪಠ್ಯಕ್ರಮದಲ್ಲಿ ಮುದ್ರಿತವಾಗಿದೆ. ಹಾಳೆ 16 ಎಂದರೆ ನಾಲ್ಕು ಕ್ರೆಡಿಟಿನ ವಿಷಯವೊಂದು ಕಾಣೆಯಾಗಿದೆ ಎಂದರ್ಥ. ಇನ್ನೊಂದು ಸುಳಿವೂ ಉಂಟು. ನಾವು ಬೇರೆ ಜೋಡಣೆ ಮಾಡದಿದ್ದರೆ ಸಂಖ್ಯೆಗಳು ಮನೆಯ ಬಲಗೋಡೆಗೆ ಒರಗಿ ನಿಲ್ಲುತ್ತವೆ, ಅಕ್ಷರಗಳು ಎಡಗೋಡೆಗೆ. ಕ್ರೆಡಿಟ್‌ಗಳ ಸಾಲಿನಲ್ಲಿ ಒಂದು ಮಾತ್ರ ಎಡಕ್ಕೆ ಸರಿದಿದ್ದರೆ ಅದೇ ಅಪರಾಧಿ.

ವಿಷಯವೊಂದರಲ್ಲಿ ಅನುತ್ತೀರ್ಣರಾದಾಗಲೂ ಇಂತಹುದೇ ಪ್ರಶ್ನೆ ಏಳುತ್ತದೆ. ಗಣಿತದಲ್ಲಿ B ಯ ಬದಲು F ಬಂದಿದ್ದರೆ ಆ ಸಾಲನ್ನು ಅಳಿಸಿಬಿಡಬಹುದೇ? ಆಯೋಗವು ಕೊಟ್ಟ ಸೂತ್ರದಲ್ಲಿ ಭಾಜಕವು ವಿದ್ಯಾರ್ಥಿ ತೆಗೆದುಕೊಂಡ ಎಲ್ಲ ವಿಷಯಗಳ ಕ್ರೆಡಿಟ್ ಮೊತ್ತ. ಆದುದರಿಂದ F ಪಡೆದ ವಿಷಯದ ಗುಣಲಬ್ಧ ಸೊನ್ನೆಯಾದರೂ ಅದರ ಕ್ರೆಡಿಟ್ ಕೆಳಗೆ ಉಳಿದೇ ಇರುತ್ತದೆ. ಆಗ 123ನ್ನು 20ರಿಂದ ಭಾಗಿಸಬೇಕು, ಉತ್ತರ 6.15. ಸಾಲನ್ನು ಅಳಿಸಿದವರಿಗೆ ಮತ್ತದೇ 7.69 ಬರುತ್ತದೆ. ಹುಡುಕುಪಟ್ಟಿಯಲ್ಲಿ F ಗೆ ಸೊನ್ನೆ ಎಂಬ ಸಾಲನ್ನು ಬರೆದುದು ನಿರುಪಯುಕ್ತವೆಂದು ನಿಮಗೆ ಮೊದಲು ಅನ್ನಿಸಿರಬಹುದು. ಅದು ಏಕೆ ಬೇಕೆಂಬುದು ಈಗ ತಿಳಿಯಿತಷ್ಟೆ.

ಆಯೋಗದ ಪಟ್ಟಿಯಲ್ಲಿ ಉಳಿದುಹೋದ ಸಾಲು ಎಂದೆನಲ್ಲವೆ, ಅದು ಇದೇ ಬಗೆಯದು. ಪರೀಕ್ಷೆಗೆ ಬಾರದವರಿಗೆ Ab ಎಂಬ ಶ್ರೇಣಿ, ಅದಕ್ಕೂ ಸೊನ್ನೆ ಅಂಕ. ನಮ್ಮ ಎಂಟು ಸಾಲಿನ ಪಟ್ಟಿಯಲ್ಲಿ ಅದಿಲ್ಲ. ಜ್ವರದಿಂದ ಒಂದು ಪರೀಕ್ಷೆಗೆ ಹೋಗಲಾಗದವನ ಸಾಲಿನಲ್ಲಿ Ab ಎಂದು ಬರೆದರೆ ಆ ಮನೆಯಲ್ಲಿ `#N/A` ಬರುತ್ತದೆ, ಅದರ ಹಿಂದೆಯೇ ಎಸ್‌ಜಿಪಿಎಯ ಮನೆಯೂ `#N/A` ಆಗುತ್ತದೆ. ಹಾಳೆಯ ಹತ್ತನೆಯ ಸಾಲಿನಲ್ಲಿ, ಪಟ್ಟಿಯ ಕೊನೆಗೆ, Ab, 0 ಎಂದು ಸೇರಿಸಿ, ಸೂತ್ರದಲ್ಲಿ $G$9 ಇದ್ದುದನ್ನು $G$10 ಮಾಡಿದರೆ ಸರಿಹೋಗುತ್ತದೆ. ಕೆಲವರು ದೋಷಚಿಹ್ನೆಯನ್ನು ಅಳಿಸಿ ಆ ಮನೆಯನ್ನು ಖಾಲಿ ಬಿಡುತ್ತಾರೆ. ಈ ಸಂದರ್ಭದಲ್ಲಿ ಉತ್ತರ ಸರಿಯಾಗಿಯೇ ಬರಬಹುದು. ಆದರೆ ಶ್ರೇಣಿಯನ್ನು ತಪ್ಪಾಗಿ ಬೆರಳಚ್ಚು ಮಾಡಿದುದರಿಂದ ಚಿಹ್ನೆ ಬಂದಿದ್ದರೆ, ಉತ್ತೀರ್ಣನಾದ ಹುಡುಗನಿಗೆ ಸೊನ್ನೆ ಕೊಟ್ಟಂತಾಗುತ್ತದೆ. ಅಕ್ಷರದ ಹಿಂದೆ ಒಂದು ಖಾಲಿ ಜಾಗ ಬಿದ್ದಿದ್ದರೂ ಇದೇ ಚಿಹ್ನೆ ಬರುತ್ತದೆ. ಕಣ್ಣಿಗೆ ಕಾಣದ ಆ ಜಾಗವನ್ನು ಕಂಪ್ಯೂಟರು ಒಂದು ಅಕ್ಷರವೆಂದೇ ಎಣಿಸುತ್ತದೆ.

ಹಾಳೆ ಸಿದ್ಧವಾದ ಮೇಲೆ ಅದರಿಂದ ಇನ್ನೊಂದು ಪ್ರಯೋಜನವಿದೆ. ನಮ್ಮ ವಿದ್ಯಾರ್ಥಿನಿಗೆ 7.50 ಬೇಕಾಗಿದ್ದಿತು, ದೊರೆತುದು 7.35. ಯಾವ ವಿಷಯದಲ್ಲಿ ಒಂದು ಮೆಟ್ಟಿಲು ಏರಿದ್ದರೆ ಸಾಕಾಗುತ್ತಿತ್ತು? B2 ದಲ್ಲಿ B ಯನ್ನು ಅಳಿಸಿ B+ ಎಂದು ಬರೆದು ನೋಡೋಣ. D2 ದಲ್ಲಿ 6 ಹೋಗಿ 7 ಬರುತ್ತದೆ, ಮೊತ್ತ 151 ಆಗುತ್ತದೆ, ಸರಾಸರಿ 7.55 ಆಗುತ್ತದೆ. ಗಣಿತದ ಒಂದೇ ಮೆಟ್ಟಿಲು ಗೆರೆಯನ್ನು ದಾಟಿಸಿತು. ಅದನ್ನು ಮೊದಲಿನಂತೆ ಮಾಡಿ, ಆರೋಗ್ಯದ A+ ಅನ್ನು O ಮಾಡಿದರೆ ಸರಾಸರಿ 7.40 ಮಾತ್ರ. ಇಪ್ಪತ್ತು ಕ್ರೆಡಿಟಿನ ಸೆಮಿಸ್ಟರಿನಲ್ಲಿ ಒಂದು ಕ್ರೆಡಿಟಿನ ವಿಷಯದ ಒಂದು ಮೆಟ್ಟಿಲಿಗೆ 0.05ರ ಬೆಲೆ, ನಾಲ್ಕು ಕ್ರೆಡಿಟಿನ ವಿಷಯದ ಒಂದು ಮೆಟ್ಟಿಲಿಗೆ 0.20ರ ಬೆಲೆ. ಮೆಕಾನಿಕ್ಸ್‌ನಲ್ಲಿ C ಯಿಂದ B ಗೆ ಏರಿದ್ದರೆ 0.15 ಸೇರಿ ಸರಿಯಾಗಿ 7.50 ಆಗುತ್ತಿತ್ತು. ಇದನ್ನು ಪರೀಕ್ಷೆಯ ಅನಂತರ ತಿಳಿದುಕೊಳ್ಳುವುದಕ್ಕಿಂತ ಓದಲು ಕೂರುವ ಮೊದಲು ತಿಳಿದುಕೊಳ್ಳುವುದೇ ಲೇಸು.

ಅಕ್ಷರಕ್ಕೆ ಅಂಕವನ್ನು ಸೂತ್ರದೊಳಗೇ ಬರೆಯಬಹುದಿತ್ತಲ್ಲ, ಬೇರೆ ಪಟ್ಟಿಯೇಕೆ ಎಂದು ನೀವು ಕೇಳಬಹುದು. ಇದಕ್ಕೆ ಉತ್ತರ ಬಂಟಕಲ್ಲಿಗೆ ದೂರವಲ್ಲದ ಮಣಿಪಾಲದಲ್ಲಿಯೇ ಇದೆ. ಅಲ್ಲಿ 1957ರಲ್ಲಿ ಸ್ಥಾಪಿತವಾದ ಎಂಜಿನಿಯರಿಂಗ್ ಕಾಲೇಜು ಬೇರೆ ಪಟ್ಟಿಯನ್ನು ಅನುಸರಿಸುತ್ತದೆ. ಅದರಲ್ಲಿ O ಇಲ್ಲ, B+ ಇಲ್ಲ. A+ ಗೆ 10, A ಗೆ 9, B ಗೆ 8, C ಗೆ 7, D ಗೆ 6, E ಗೆ 5, F ಗೆ 0. ಒಂದೇ ಬೀದಿಯ ಇಬ್ಬರು ಗೆಳತಿಯರಲ್ಲಿ ಒಬ್ಬಳು ಬಂಟಕಲ್ಲಿಗೂ ಇನ್ನೊಬ್ಬಳು ಮಣಿಪಾಲಕ್ಕೂ ಹೋಗುತ್ತಿದ್ದು, ಇಬ್ಬರಿಗೂ ಒಂದು ವಿಷಯದಲ್ಲಿ C ಬಂದಿತೆನ್ನೋಣ. ಮೊದಲನೆಯವಳ C ಗೆ 5 ಅಂಕ, ಎರಡನೆಯವಳ C ಗೆ 7. ಹಾಗಾದರೆ ಎರಡನೆಯವಳು ಹೆಚ್ಚು ಜಾಣೆಯೇ? ಅಕ್ಷರಗಳಿಂದ ಅದನ್ನು ಹೇಳಲು ಬರುವುದಿಲ್ಲ, ಅಂಕಗಳಿಂದಲೂ ಹೇಳಲು ಬರುವುದಿಲ್ಲ. ಎರಡು ಕಾಲೇಜುಗಳ ಅಳತೆಗೋಲುಗಳೇ ಬೇರೆ. ಒಂದು ಊರಿನ ಸೇರನ್ನು ಇನ್ನೊಂದು ಊರಿನ ಸೇರಿನೊಡನೆ ಹೋಲಿಸಿದ ಹಾಗೆ.

ಲೆಕ್ಕದ ಕ್ರಮ ಮಾತ್ರ ಎರಡು ಕಡೆಯೂ ಒಂದೇ. ಮಣಿಪಾಲದ ಗೆಳತಿಯು ಇದೇ ಹಾಳೆಯನ್ನು ಕೇಳಿ ಪಡೆದರೆ ಆಕೆ VLOOKUP ಸೂತ್ರವನ್ನಾಗಲಿ SUMPRODUCT ಸೂತ್ರವನ್ನಾಗಲಿ ಹೊಸದಾಗಿ ಬರೆಯಬೇಕಾಗಿಲ್ಲ. F ಮತ್ತು G ಕಂಬಸಾಲುಗಳಲ್ಲಿ ಹಳೆಯ ಪಟ್ಟಿಯನ್ನು ಪೂರ್ತಿಯಾಗಿ ಅಳಿಸಿ, ತನ್ನ ಕಾಲೇಜಿನ ಏಳು ಸಾಲುಗಳನ್ನು ಬರೆದು, ತನ್ನ ವಿಷಯ, ಶ್ರೇಣಿ, ಕ್ರೆಡಿಟ್‌ಗಳನ್ನು ತುಂಬಿದರಾಯಿತು. ಪೂರ್ತಿಯಾಗಿ ಎಂಬ ಮಾತನ್ನು ಗಮನಿಸಬೇಕು. ಹಳೆಯ ಪಟ್ಟಿಯ C ಗೆ 5 ಎಂಬ ಸಾಲೊಂದು ಮೇಲೆ ಉಳಿದುಬಿಟ್ಟರೆ, ಕಂಪ್ಯೂಟರು ಮೇಲಿನಿಂದ ಹುಡುಕುತ್ತ ಬಂದು ಮೊದಲು ಸಿಕ್ಕಿದ C ಯನ್ನೇ ಹಿಡಿಯುತ್ತದೆ. ಕೆಳಗೆ ಹೊಸದಾಗಿ ಬರೆದ C ಯ ಕಡೆಗೆ ಅದು ನೋಡುವುದೇ ಇಲ್ಲ. ಹಾಳೆಯನ್ನು ಕೊಟ್ಟವಳು ಪಡೆದವಳ ಒಂದು ಸಾಲನ್ನಾದರೂ ಕೈಯಲ್ಲಿ ಗುಣಿಸಿ ನೋಡಿದರೆ ಇದು ಆಗಲೇ ಸಿಕ್ಕಿಬೀಳುತ್ತದೆ.